ತಿರುವಿನ ರಸ್ತೆಯಲ್ಲಿ ಓದುವುದು ಹೇಗೆ: ಕಾಗದ, ಇ-ಬುಕ್ ಅಥವಾ ಆಡಿಯೊ ಬುಕ್?

ವಿರಾಜಪೇಟೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಬಸ್ಸು ಬೇತ್ರಿ, ಮೂರ್ನಾಡು, ಮೇಕೇರಿ ದಾಟಿ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒಂದು ಗಂಟೆ ಮೀರುತ್ತದೆ. ಹೋಗಿ ಬರುವುದು ಸೇರಿಸಿದರೆ ದಿನಕ್ಕೆ ಎರಡು ಗಂಟೆಗೂ ಜಾಸ್ತಿ. ಈ ಹೊತ್ತನ್ನು ಓದಿಗೆ ಕೊಡಬೇಕು ಅಂತ ಹೊರಟವರು ಮೊದಲ ವಾರವೇ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಓದುವ ಮನಸ್ಸಿಲ್ಲ ಅಂತಲ್ಲ. ನಮ್ಮ ರಸ್ತೆಗೆ ಒಗ್ಗದ ರೂಪದಲ್ಲಿ ಪುಸ್ತಕ ಹಿಡಿದಿರುತ್ತಾರೆ, ಅಷ್ಟೆ.

ನನ್ನ ಜೊತೆ ಬರುವ ಹುಡುಗಿಯೊಬ್ಬಳು ಹೊಸದಾಗಿ ಕೆಲಸಕ್ಕೆ ಸೇರಿದಾಗ ದಪ್ಪನೆಯ ಕಾದಂಬರಿ ತಂದಿದ್ದಳು. ನಾಲ್ಕನೇ ದಿನ ಮುಖ ಬಿಳಿಚಿಕೊಂಡು, "ಅಕ್ಕಾ, ಹತ್ತು ಪುಟ ಓದುವಷ್ಟರಲ್ಲಿ ಹೊಟ್ಟೆ ತೊಳಸುತ್ತೆ" ಅಂದಳು. ಪುಸ್ತಕ ಬಿಟ್ಟು ಮೊಬೈಲಿನಲ್ಲಿ ಇ-ಬುಕ್ ಓದಿದಳು. ಅದೂ ಹಾಗೇ ಆಯಿತು. ಅವಳಿಗೆ ದಾರಿ ಹುಡುಕಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಸ್ತೆಯನ್ನು ಓದಿ

ಒಂದು ದಿನ ಪುಸ್ತಕವಿಲ್ಲದೆ ಪ್ರಯಾಣ ಮಾಡಿ. ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕಾಯುತ್ತೀರಿ, ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ತಿರುವುಗಳು ಒಂದರ ಹಿಂದೆ ಒಂದು ಬರುತ್ತವೆ ಎಂದು ಗುರುತು ಹಾಕಿಕೊಳ್ಳಿ. ನಮ್ಮ ಹುಡುಗಿಯ ಲೆಕ್ಕ ಹೀಗಿತ್ತು: ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ, ಸಂಜೆ ಮಡಿಕೇರಿಯಲ್ಲಿ ಬಸ್ಸು ಹೊರಡುವವರೆಗೆ ಸೀಟಿನಲ್ಲಿ ಹತ್ತು ನಿಮಿಷ. ಉಳಿದದ್ದೆಲ್ಲ ಓಡುವ ಬಸ್ಸು.

ಈ ಲೆಕ್ಕ ಯಾಕೆ ಬೇಕು ಅಂದರೆ, ತಲೆ ತಿರುಗುವುದರ ಕಾರಣ ಅದರಲ್ಲೇ ಇದೆ. ಬಸ್ಸು ಎಡಕ್ಕೆ ಬಲಕ್ಕೆ ವಾಲುವುದು ಒಳಕಿವಿಗೆ ಗೊತ್ತಾಗುತ್ತದೆ. ಪುಟದ ಮೇಲೆ ನೆಟ್ಟ ಕಣ್ಣು ಮಾತ್ರ ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಎರಡು ಸುದ್ದಿ ಹೊಂದದೆ ಹೋದಾಗ ವಾಕರಿಕೆ ಶುರುವಾಗುತ್ತದೆ. ಪುಟ ಕಾಗದದ್ದಾದರೂ ಗಾಜಿನದ್ದಾದರೂ ಕಣ್ಣಿಗೆ ಒಂದೇ. ಆದ್ದರಿಂದಲೇ ಇ-ಬುಕ್ಕಿಗೆ ಬದಲಾಯಿಸಿದ್ದು ಅವಳಿಗೆ ಉಪಯೋಗಕ್ಕೆ ಬರಲಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡರೆ ಗುಂಡಿ ರಸ್ತೆಯ ಕುಲುಕಾಟದಲ್ಲಿ ಸಾಲು ಹಿಡಿಯುವುದು ಸುಲಭ. ತಿರುವಿಗೆ ಅದು ಮದ್ದಲ್ಲ.

ನಿಮ್ಮ ಮಿತಿ ನೋಡಿಕೊಳ್ಳಿ

ಎಲ್ಲರಿಗೂ ಹೀಗಾಗುವುದಿಲ್ಲ. ಮರುದಿನ ಮುಂದಿನ ಸೀಟುಗಳಲ್ಲಿ ಒಂದನ್ನು ಹಿಡಿದು, ತಿರುವು ಇರುವ ಕಡೆ ಐದು ನಿಮಿಷ ಓದಿ ನೋಡಿ. ಹಿಂದಿನ ಚಕ್ರದಿಂದಾಚೆಯ ಸೀಟಿನಲ್ಲಿ ಎತ್ತಿಹಾಕುವುದು ಜಾಸ್ತಿ, ಅಲ್ಲಿ ಪರೀಕ್ಷೆ ಮಾಡಬೇಡಿ. ವಾಂತಿ ಬರುವವರೆಗೆ ಕಾಯುವುದೂ ಬೇಡ. ಸುಮ್ನೆ ಆಕಳಿಕೆ ಬರುವುದು, ಬಾಯಲ್ಲಿ ನೀರೂರುವುದು, ಹಣೆ ತಣ್ಣಗೆ ಬೆವರುವುದು ಮೊದಲ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಪುಸ್ತಕ ಮುಚ್ಚಿ, ಮುಂದಿನ ಗಾಜಿನಾಚೆ ದೂರದ ರಸ್ತೆ ನೋಡಿ. ಅಂಥವರು ಓಡುವ ಬಸ್ಸಿನಲ್ಲಿ ಆಡಿಯೊ ಬುಕ್ ಕೇಳುವುದೇ ಸರಿ. ಕಾಗದವನ್ನೂ ಇ-ಬುಕ್ಕನ್ನೂ ನಿಂತ ಹೊತ್ತಿಗೆ ಇಟ್ಟುಕೊಳ್ಳಿ. ಏನೂ ಆಗದವರು ಪುಣ್ಯವಂತರು, ಯಾವುದನ್ನಾದರೂ ಓದಬಹುದು.

ಎರಡು ಹೊತ್ತಿಗೆ ಎರಡು ಪುಸ್ತಕ

ಒಂದೇ ಪುಸ್ತಕವನ್ನು ಕಾಗದದಲ್ಲೂ ಆಡಿಯೊದಲ್ಲೂ ಇಟ್ಟುಕೊಂಡು ಬದಲಾಯಿಸುತ್ತಾ ಹೋಗಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿಬರಲಿಲ್ಲ. ಕೇಳಿದ್ದು ಯಾವ ಪುಟದವರೆಗೆ ಅಂತ ಹುಡುಕುವುದರಲ್ಲೇ ಆ ಹತ್ತು ನಿಮಿಷ ಮುಗಿದಿರುತ್ತದೆ. ಎರಡು ಬೇರೆ ಪುಸ್ತಕ ಇಟ್ಟುಕೊಳ್ಳುವುದು ಮೇಲು.

ಕಿವಿಗೆ ಒಬ್ಬರೇ ಹೇಳಿಕೊಂಡು ಹೋಗುವ ಕತೆ, ಆತ್ಮಕತೆ, ಪ್ರವಾಸ ಕಥನ ಚೆನ್ನಾಗಿ ಒಗ್ಗುತ್ತವೆ. ಎದುರಿನಿಂದ ಲಾರಿ ಬಂದು ಅರ್ಧ ನಿಮಿಷ ಗಮನ ತಪ್ಪಿದರೂ ಎಳೆ ಸಿಗುತ್ತದೆ. ಒಂದೇ ಮನೆತನದ ಹತ್ತಾರು ಹೆಸರು ಬರುವ ಕಾದಂಬರಿಯನ್ನು ಕೇಳಲು ಹೋಗಬೇಡಿ. ಯಾರು ಯಾರ ಮಗ ಅಂತ ಹಿಂದಿನ ಪುಟ ತಿರುವಿ ನೋಡಬೇಕಾಗುತ್ತದಲ್ವಾ, ಅದು ಕಾಗದದಲ್ಲೇ ಸುಲಭ. ಕವಿತೆ ಕೂಡ ನಿಂತ ಹೊತ್ತಿನ ಓದು. ಒಂದು ಪದ್ಯಕ್ಕೆ ಹತ್ತು ನಿಮಿಷ ಸಾಕು, ಬೇಕಾದರೆ ಎರಡು ಸಲ ಓದಬಹುದು.

ಲೆಕ್ಕ ನೋಡಿ. ಆಡಿಯೊ ಬುಕ್ 10 ಗಂಟೆಯದು ಅಂದುಕೊಳ್ಳಿ. ದಿನಕ್ಕೆ ಎರಡು ಗಂಟೆ ಕೇಳಿದರೆ ಐದು ದಿನ. ಹಿಂದಕ್ಕೆ ಹೋಗಿ ಮತ್ತೆ ಕೇಳುವುದೂ ಸೇರಿದರೆ ಆರು ದಿನ, ಅಂದರೆ ಕೆಲಸದ ಒಂದು ವಾರ. ಕಾಗದದ ಪುಸ್ತಕಕ್ಕೆ ದಿನಕ್ಕೆ ಸಿಗುವುದು 20 ನಿಮಿಷ. ಪುಟಕ್ಕೆ ಎರಡು ನಿಮಿಷ ಹಿಡಿದರೆ ಹತ್ತು ಪುಟ. 200 ಪುಟದ ಪುಸ್ತಕಕ್ಕೆ 20 ದಿನ. ಹುಡುಗಿ ಈಗ ಹೀಗೇ ನಡೆಸುತ್ತಿದ್ದಾಳೆ. ಆ ದಪ್ಪ ಕಾದಂಬರಿ ಮನೆಯಲ್ಲಿ ದಿಂಬಿನ ಪಕ್ಕ ಇದೆ.

ಹಿಂದಿನ ರಾತ್ರಿಯ ಕೆಲಸ

ನಮ್ಮ ರಸ್ತೆಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಒಮ್ಮೆ ನನ್ನ ಕತೆ, ಕೋರ್ಟಿನಲ್ಲಿ ಸಾಕ್ಷಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಿಂತುಹೋಯಿತು. ಡೌನ್‌ಲೋಡ್ ಆಗಿದೆ ಅಂದುಕೊಂಡಿದ್ದೆ, ಆಗಿರಲಿಲ್ಲ. ಅಂದಿನಿಂದ ರಾತ್ರಿ ಮನೆಯಲ್ಲಿ ಡೌನ್‌ಲೋಡ್ ಮಾಡಿ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ನಾಳೆ ಕೇಳಬೇಕಾದ ಅಧ್ಯಾಯದ ನಡುವಿನಿಂದ ಒಂದು ನಿಮಿಷ ಕೇಳುತ್ತೇನೆ. ಮಾತು ಬಂದರೆ ಮಾತ್ರ ಅದು ಫೋನಿನಲ್ಲಿದೆ ಎಂದರ್ಥ. ಜಾಗದ ಚಿಂತೆ ಬೇಡ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ 29 ಎಂಬಿ ಹಿಡಿಯುತ್ತದೆ, 10 ಗಂಟೆಗೆ 300 ಎಂಬಿಯೊಳಗೇ ಮುಗಿಯುತ್ತದೆ.

ಇ-ಬುಕ್ ಕೊಳ್ಳುವ ಮುಂಚೆ ಉಚಿತ ಮಾದರಿ ಪುಟಗಳನ್ನು ನಿಮ್ಮ ಸಾಧನದಲ್ಲೇ ತೆರೆದು ನೋಡಿ. 'ರಾಷ್ಟ್ರ', 'ಸ್ವಾತಂತ್ರ್ಯ' ಇಂಥ ಪದಗಳಲ್ಲಿ ಒತ್ತಕ್ಷರ ಅಕ್ಷರದ ಕೆಳಗೆ ಸರಿಯಾಗಿ ಕೂತಿದೆಯೇ ಗಮನಿಸಿ. ಒಡೆದು ಪಕ್ಕಕ್ಕೆ ಬಿದ್ದಿದ್ದರೆ ಆ ಸಾಧನದಲ್ಲಿ ಕನ್ನಡ ಓದುವುದು ಕಷ್ಟ. ಫೈಲು ಇಪಬ್ ಆಗಿದ್ದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳೂ ಪರದೆಗೆ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಪ್ರತಿ ಸಾಲಿಗೂ ಬೆರಳಿನಿಂದ ಎಳೆದಾಡಬೇಕು.

ಬಸ್ಸಿನೊಳಗೆ

ಬಸ್ಸಿನಲ್ಲಿ ಹಾಡು ಹಾಕಿರುತ್ತಾರೆ, ಎಂಜಿನ್ ಸದ್ದು ಬೇರೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ಸಂಜೆಗೆ ಕಿವಿ ಗುಂಯ್ ಅನ್ನುತ್ತದೆ. ಕಿವಿಯ ತೂತಿಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತೆಗೆದುಕೊಳ್ಳಿ. ಹೊರಗಿನ ಸದ್ದು ಕಡಿಮೆಯಾದರೆ ಸಣ್ಣ ಧ್ವನಿಯಲ್ಲೇ ಕೇಳಿಸುತ್ತದೆ. ನೀವೇ ಗಾಡಿ ಓಡಿಸುವವರಾದರೆ ಇಯರ್‌ಫೋನ್ ಬೇಡವೇ ಬೇಡ.

ಸಂಜೆ ನಿದ್ದೆ ಹತ್ತುತ್ತದೆ. ಕತೆ ಮಾತ್ರ ಓಡುತ್ತಲೇ ಇರುತ್ತದೆ, ಎದ್ದು ನೋಡಿದರೆ ಎರಡು ಅಧ್ಯಾಯ ದಾಟಿರುತ್ತದೆ. ಆ್ಯಪಿನಲ್ಲಿ ಸ್ಲೀಪ್ ಟೈಮರ್ ಇರುತ್ತದೆ. 15 ನಿಮಿಷಕ್ಕೆ ಇಡಿ. ಎಚ್ಚರವಿದ್ದರೆ ಮತ್ತೆ ಒತ್ತಿ, ಮಲಗಿದ್ದರೆ ಅಲ್ಲೇ ನಿಂತಿರುತ್ತದೆ.

ಮಳೆಗಾಲ ಬಂದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕವೇ ಬೇರೆ. ಕೊಡೆಯ ನೀರು ಬ್ಯಾಗಿಗೆ ಇಳಿಯುತ್ತದೆ, ಒದ್ದೆ ಬೆರಳಿಗೆ ಫೋನಿನ ಪರದೆ ಸರಿಯಾಗಿ ಕೇಳುವುದಿಲ್ಲ, ರಾತ್ರಿ ಕರೆಂಟು ಹೋದರೆ ಚಾರ್ಜೂ ಇಲ್ಲ. ಇಂಕ್ ಪರದೆಯ ಇ-ರೀಡರ್ ಇದ್ದವರಿಗೆ ಈ ತಿಂಗಳುಗಳಲ್ಲಿ ಅದು ದೊಡ್ಡ ಆಸರೆ. ಪುಟ ತಿರುಗಿಸುವಾಗಲೇ ಹೆಚ್ಚಿನ ಕರೆಂಟು ಬೇಕಾಗುವುದರಿಂದ ಒಂದು ಚಾರ್ಜು ವಾರಗಟ್ಟಲೆ ಬರುತ್ತದೆ.

ಕಾಗದದ ಪುಸ್ತಕ ಒಯ್ಯುವುದಾದರೆ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಮನೆಗೆ ಬಂದ ಕೂಡಲೇ ಹೊರಗೆ ತೆಗೆಯಿರಿ, ತೇವ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ನೆನೆದೇ ಹೋದರೆ ಒಲೆಯ ಹತ್ತಿರ ಇಡಬೇಡಿ, ಪುಟ ಸುರುಳಿಯಾಗಿ ಬೆನ್ನಿನ ಅಂಟು ಬಿಡುತ್ತದೆ. ಇಪ್ಪತ್ತು ಪುಟಕ್ಕೊಂದರಂತೆ ಟಿಶ್ಯೂ ಸೇರಿಸಿ, ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ. ಟಿಶ್ಯೂ ಒದ್ದೆಯಾದಾಗ ಬದಲಾಯಿಸಿ. ಮುಟ್ಟಿದಾಗ ತಣ್ಣಗನಿಸದಷ್ಟು ಒಣಗಿದ ಮೇಲೆ ಎರಡು ಭಾರದ ಪುಸ್ತಕಗಳ ನಡುವೆ ಒಂದು ರಾತ್ರಿ ಒತ್ತಿಡಿ.