ಕರಡು ಆಧಾರದ ಮೇಲೆ ಪಿನ್ ಹೊಡೆದ ಒಂದು ಹಾಳೆ

ಕಾಸರಗೋಡಿನಲ್ಲಿ ನಾವು ಕ್ರಯಪತ್ರಕ್ಕೆ ಆಧಾರ ಎನ್ನುವುದು, ಅದನ್ನು ಬರೆದುಕೊಡುವುದೇ ನನ್ನ ಕೆಲಸ. ಒಮ್ಮೆ ಅಜ್ಜಿಯೊಬ್ಬರಿಗೆ ‘ಹಳೇ ಆಧಾರ ತನ್ನಿ’ ಎಂದರೆ ಸವೆದ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಅಂದಿನಿಂದ ಕರಡಿನ ಜೊತೆ ಕೊಡುವ ಹಾಳೆಯ ಮೊದಲ ಸಾಲು ಹೀಗೆ: ‘ಜಾಗೆ ನಿಮ್ಮ ಹೆಸರಿಗೆ ಬಂದ ಪತ್ರ, ಅಸಲು.’

ಕರಡನ್ನು ಯಾರೂ ಪೂರ್ತಿ ಓದುವುದಿಲ್ಲ. ಒಂದು ಹಾಳೆಯಾದರೆ ಓದುತ್ತಾರೆ. ಹಾಗಾಗಿ ಬೇಕಾದ ಕಾಗದಗಳು, ಹಣ ಯಾವಾಗ ಎಷ್ಟು, ರಿಜಿಸ್ಟ್ರಿಯ ದಿನ ಏನೇನು ಎಂಬುದನ್ನು ಅದರಲ್ಲೇ ಬರೆದು, ಮಾರುವವರಿಗೂ ಕೊಳ್ಳುವವರಿಗೂ ಒಂದೇ ಪ್ರತಿ ಕೊಡುತ್ತೇನೆ.

ಈಚಿನದೊಂದು ಹೇಳುತ್ತೇನೆ. ಮಾರುವವರು ಎಪ್ಪತ್ತು ದಾಟಿದ ಅಮ್ಮ, ಕೊಳ್ಳುವವರು ಒಬ್ಬ ಮಾಷ್ಟ್ರು. 42 ಸೆಂಟ್ಸ್, ಸೆಂಟ್ಸಿಗೆ 60,000 ಎಂದು ಮಾತಾಗಿತ್ತು. ಹಳೇ ಪತ್ರದಲ್ಲಿ 42 ಸರಿಯಾಗಿಯೇ ಇತ್ತು. ಭೂಕಂದಾಯದ ತೀರ್ವೆ ರಶೀದಿಯಲ್ಲಿ ಮಾತ್ರ 16.59 ಆರ್, ಲೆಕ್ಕ ಹಾಕಿದರೆ 41 ಸೆಂಟ್ಸ್. ರೀಸರ್ವೆಯಲ್ಲಿ ಒಂದು ಸೆಂಟ್ಸ್ ಕಡಿಮೆಯಾಗಿದೆ, ನಂಬ್ರವೂ ಬದಲಾಗಿದೆ. ಹಳೇ ಪತ್ರದಲ್ಲಿ ಕಾಸರಗೋಡು ತಾಲೂಕು, ಕಣ್ಣೂರು ಜಿಲ್ಲೆ ಎಂದಿತ್ತು. ನಮ್ಮ ಜಿಲ್ಲೆಯಾದದ್ದು 1984ರಲ್ಲಿ, ಆ ಜಾಗೆ ಇರುವ ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಊರಿನ ಹೆಸರೊಂದನ್ನು ಬಿಟ್ಟರೆ ಎಲ್ಲವೂ ಬದಲಾದ ಪತ್ರ! ಷೆಡ್ಯೂಲಿನಲ್ಲಿ ಹಳೇ ನಂಬ್ರ, ರೀಸರ್ವೆ ನಂಬ್ರ ಎರಡನ್ನೂ ಬರೆದು, ವಿಸ್ತೀರ್ಣವನ್ನು 16.59 ಎಂದೇ ಹಾಕಿದೆ. ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ, ‘ಕ್ರಯ 24,60,000, 25,20,000 ಅಲ್ಲ. ಒಪ್ಪಿಗೆಯಾದರೆ ಮಾತ್ರ ಮುಂದಿನದ್ದು’ ಎಂದು ಬರೆದೆ.

ಸಂಜೆಗೇ ಅಮ್ಮನ ಮಗ ಫೋನ್ ಮಾಡಿದ. ‘ಅಣ್ಣಾ, ಆ ಒಂದು ಸೆಂಟ್ಸ್ ಎಲ್ಲಿಗೆ ಹೋಯ್ತು?’ ಬಂದು ಅಳೆಸಿ ನೋಡು, ಬೇಲಿಯೊಳಗೆ ಇದ್ದರೆ ಮೊದಲು ವಿಲೇಜ್ ಆಫೀಸಿನಲ್ಲಿ ಸರಿ ಮಾಡಿಸು ಎಂದೆ. ಅಳೆಸಿದ, ಇರಲಿಲ್ಲ. ಇದು ರಿಜಿಸ್ಟ್ರಿಯ ದಿನ ಗೊತ್ತಾಗಿದ್ದರೆ ಆಫೀಸಿನ ವರಾಂಡದಲ್ಲೇ ಜಗಳ.

ಹಣದ ಭಾಗ ಬರೆಯುವಾಗ ನಾನು ತಾರೀಕು ಹಾಕುವುದಿಲ್ಲ, ಕೆಲಸ ಹಾಕುತ್ತೇನೆ. ಇದನ್ನು ಕಲಿತದ್ದು ಹಿಂದೆ ಬೇರೊಂದು ಜಾಗೆಯ ವ್ಯವಹಾರದಲ್ಲಿ ಪೆಟ್ಟು ತಿಂದು. ಅಮ್ಮನ ಜಾಗೆಯ ಹಾಗೆಯೇ ಆ ಜಾಗೆಯ ಮೇಲೂ ಸಹಕಾರಿ ಸೊಸೈಟಿಯ ಸಾಲಕ್ಕೆ ಗೆಹಾನ್, ಅಂದರೆ ಒತ್ತೆ, ಇತ್ತು. ಸಾಲ ತೀರಿದ ರಶೀದಿ ನೋಡಿ ನಾನು ‘ಬಾಧೆ ಇಲ್ಲ’ ಎಂದು ಬರೆದೆ. ರಿಜಿಸ್ಟ್ರಿ ಆಯಿತು. ಕೊಂಡವರು ಮನೆ ಸಾಲಕ್ಕೆ ಹೋದಾಗ, ಜಾಗೆಯ ಮೇಲಿನ ಬಾಧೆ ತೋರಿಸುವ ಇಸಿಯಲ್ಲಿ ಗೆಹಾನ್ ಹಾಗೇ ಕೂತಿತ್ತು. ಸಾಲ ಕಟ್ಟಿದರೆ ಮುಗಿಯಲಿಲ್ಲ. ಸೊಸೈಟಿಯವರು ಬಿಡುಗಡೆಯನ್ನು ಸಬ್ ರಿಜಿಸ್ಟ್ರಾರಿಗೆ ಕಳಿಸಿ, ಅಲ್ಲಿ ಅದು ಫೈಲ್ ಆಗಬೇಕು. ಅದನ್ನು ಮಾಡಿಸಲು ನಾನೇ ಎರಡು ತಿಂಗಳು ಓಡಾಡಿದೆ, ಸಂಬಳವಿಲ್ಲದೆ.

ಅದಕ್ಕೇ ಮಾಷ್ಟ್ರ ಹಾಳೆಯಲ್ಲಿ ಹೀಗಿತ್ತು. ಕರಾರಿನ ದಿನ ಮುಂಗಡ 3,00,000, ಬ್ಯಾಂಕ್ ಖಾತೆಗೇ. ಮುಂಗಡವನ್ನು 20,000 ಅಥವಾ ಹೆಚ್ಚು ನಗದಾಗಿ ತೆಗೆದುಕೊಂಡರೆ ಅಷ್ಟೇ ದಂಡ, ಅದೂ ತೆಗೆದುಕೊಂಡವರಿಗೆ. ಎರಡನೆಯ ಕಂತು 6,40,000 ಅಮ್ಮನ ಕೈಗಲ್ಲ, ನೇರ ಸೊಸೈಟಿಯ ಸಾಲದ ಖಾತೆಗೆ. ಬಾಕಿ 15,20,000 ಡಿಡಿಯಲ್ಲಿ, ಆದರೆ ಗೆಹಾನ್ ಬಿಡುಗಡೆ ಕಾಣುವ ಹೊಸ ಇಸಿ ನನ್ನ ಮೇಜಿಗೆ ಬಂದ ಮೇಲೆ. ಕರಡಿನಲ್ಲಿ ಡಿಡಿ ನಂಬ್ರದ ಜಾಗ ಖಾಲಿ ಬಿಟ್ಟಿರುತ್ತೇನೆ. ‘ಪೂರ್ತಿ ಹಣ ಸಂದಿದೆ’ ಎಂಬ ಸಾಲು ಆ ನಂಬ್ರ ತುಂಬಿದ ಮೇಲೆಯೇ ನಿಜವಾಗುವುದು.

ರಿಜಿಸ್ಟ್ರಿಯದ್ದು ಹೆಚ್ಚೇನಿಲ್ಲ. ನ್ಯಾಯಬೆಲೆ, ಕ್ರಯ ಇವೆರಡರಲ್ಲಿ ಹೆಚ್ಚಿನದಕ್ಕೆ ಸ್ಟಾಂಪು ನೂರಕ್ಕೆ 8, ಫೀಸು 2. ಇಲ್ಲಿ ಕ್ರಯವೇ ಹೆಚ್ಚು, ಹಾಗಾಗಿ 1,96,800 ಮತ್ತು 49,200. ಆನ್‌ಲೈನಿನಲ್ಲಿ ವಿವರ ತುಂಬುವುದು, ಹೊತ್ತು ಹಿಡಿಯುವುದು ನನ್ನ ಕೆಲಸ. ಅವರು ಪಾನ್ ಕಾರ್ಡು, ಫೋಟೊ, ಗುರುತು ಹೇಳುವ ಇಬ್ಬರನ್ನು ಕರೆದುಕೊಂಡು ಬಂದರೆ ಸಾಕು. ಹೆಬ್ಬೆಟ್ಟಿನ ಗುರುತು ಇಬ್ಬರದ್ದೂ ಬೇಕು. ಅಡಿಕೆ ಸುಲಿದು ಕಪ್ಪಾದ ಅಮ್ಮನ ಬೆರಳು ಮೂರನೆಯ ಸಲಕ್ಕೆ ಮೂಡಿತು.

ಹಾಳೆಯ ಕೊನೇ ಸಾಲು ಮಾಷ್ಟ್ರಿಗೆ: ‘ವಿಲೇಜಿನಲ್ಲಿ ಪೋಕ್ಕುವರವು ಆಗಿ, ನಿಮ್ಮ ಹೆಸರಿನ ತೀರ್ವೆ ರಶೀದಿ ನನಗೆ ತಂದು ತೋರಿಸಿ.’ ಪೋಕ್ಕುವರವು ಎಂದರೆ ಖಾತೆ ಬದಲಾವಣೆ. ಹತ್ತು ಜನರಲ್ಲಿ ಆರೇಳು ಜನ ತೋರಿಸುವುದಿಲ್ಲ. ಇವರು ತಂದರು: 16.59.