ನಾವು ಸರ್ಕಾರಕ್ಕೆ ಯಾವಾಗ ಒಪ್ಪಿದ್ದೆವು? ವಾದವನ್ನು ಮುರಿಯದಂತೆ ಕಟ್ಟುವುದು ಹೇಗೆ

ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳ ಚರ್ಚಾಸ್ಪರ್ಧೆಗಳಲ್ಲಿ ‘ಸರ್ಕಾರದ ಮಾತನ್ನು ನಾವೇಕೆ ಕೇಳಬೇಕು’ ಎಂಬ ವಿಷಯ ಬಂದಾಗ ಬಹುಪಾಲು ಭಾಷಣಗಳು ಒಂದೇ ದಾರಿ ಹಿಡಿಯುತ್ತವೆ. ಸರ್ಕಾರವಿಲ್ಲದಿದ್ದರೆ ಕೊಲೆ, ಸುಲಿಗೆ. ಹಾಗಾಗಿ ಬುದ್ಧಿಯಿರುವ ಯಾರೂ ಸರ್ಕಾರಕ್ಕೆ ಒಪ್ಪುತ್ತಿದ್ದರು. ಒಪ್ಪುತ್ತಿದ್ದರು ಎಂದಮೇಲೆ ಒಪ್ಪಿದಂತೆಯೇ. ಒಪ್ಪಿದಮೇಲೆ ಪಾಲಿಸಲೇಬೇಕು. ಮೊದಲೆರಡು ವಾಕ್ಯಗಳಿಗೆ ಸಣ್ಣಪುಟ್ಟ ದುರಸ್ತಿ ಸಾಕು. ವಾದ ಕುಸಿಯುವುದು ಮೂರನೆಯದರಲ್ಲಿ. ಅದಕ್ಕೇ ಈ ಲೇಖನದ ಹೆಚ್ಚಿನ ಜಾಗ.

ಉದಾಹರಣೆಗೆ ಗೋವಾವನ್ನೇ ತೆಗೆದುಕೊಳ್ಳೋಣ. 1961ರ ಡಿಸೆಂಬರ್ 19ರಂದು ಅಲ್ಲಿ ಪೋರ್ಚುಗೀಸ್ ಪ್ರಭುತ್ವ ಹೋಗಿ ಭಾರತದ್ದು ಬಂತು. ಜನರ ಒಪ್ಪಿಗೆ ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ದಿನಾಂಕ ಹಿಡಿದು ತೋರಿಸಬಹುದಾದ ಪ್ರಕರಣಗಳು ಹೆಚ್ಚಿಲ್ಲ. ಇದು ಅಂಥದ್ದು.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗುತ್ತವೆ. ಪ್ರಭುತ್ವ ಇರುವುದು ಇಲ್ಲದಿರುವುದಕ್ಕಿಂತ ಒಳ್ಳೆಯದೇ ಎಂಬುದು ಒಂದು. ಇದೇ ಪ್ರಭುತ್ವಕ್ಕೆ ನನ್ನ ಮೇಲೆ ಆಜ್ಞೆ ಮಾಡುವ ಹಕ್ಕಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನೂ ಗೆದ್ದೆವೆಂದುಕೊಳ್ಳುವುದು ಸಾಮಾನ್ಯ. ಪೋರ್ಚುಗೀಸ್ ಆಡಳಿತವೂ ಪ್ರಭುತ್ವವೇ, ಭಾರತವೂ ಪ್ರಭುತ್ವವೇ. ‘ಪ್ರಭುತ್ವ ಬೇಕು’ ಎಂಬ ಉತ್ತರ ಇವೆರಡರಲ್ಲಿ ಯಾವುದು ಎಂದು ಹೇಳುವುದಿಲ್ಲ. ನಮ್ಮ ಪ್ರಶ್ನೆ ಎರಡನೆಯದು ಎಂದು ಬರೆದಿಟ್ಟುಕೊಳ್ಳಿ.

2. ನೈಸರ್ಗಿಕ ಸ್ಥಿತಿಯನ್ನು ಚಿತ್ರಿಸಿ

ನೈಸರ್ಗಿಕ ಸ್ಥಿತಿ ಎಂದರೆ ಆದಿಮಾನವರ ಕಾಲವಲ್ಲ. ನಾವು ಸಮರ್ಥಿಸಬೇಕಾದ ಅಧಿಕಾರವನ್ನು ಮಾತ್ರ ಕಳೆದರೆ ಏನು ಉಳಿಯುತ್ತದೆ ಎಂಬ ಲೆಕ್ಕ. ಪೊಲೀಸು, ಕೋರ್ಟು, ತೆರಿಗೆಗಳನ್ನು ತೆಗೆಯಿರಿ. ಮನೆ, ಭಾಷೆ, ಸಂತೆ, ಮಾತಿಗೆ ಬೆಲೆ ಕೊಡುವ ಅಭ್ಯಾಸ ಇವನ್ನು ಕಾರಣವಿಲ್ಲದೆ ತೆಗೆಯಬೇಡಿ. ಎಲ್ಲವನ್ನೂ ತೆಗೆದು ಗುಹೆಯಲ್ಲಿ ಒಂಟಿ ಮನುಷ್ಯನನ್ನು ಕೂರಿಸಿದರೆ, ಅವನು ಯಾವ ಸರ್ಕಾರಕ್ಕಾದರೂ ಒಪ್ಪಿಬಿಡುತ್ತಾನೆ. ಹಾಗೆ ಗೆದ್ದ ವಾದದಿಂದ ಏನೂ ಸಾಬೀತಾಗದು.

ಇಲ್ಲಿ ಹಾಕಿದ್ದೇ ಕೊನೆಗೆ ಹೊರಬರುತ್ತದೆ. 1651ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ತನ್ನ ಚಿತ್ರದಲ್ಲಿ ಹಾಕಿದ್ದು ಮೂರು ಸಂಗತಿ: ದುರ್ಬಲನೂ ಉಪಾಯದಿಂದ ಬಲಿಷ್ಠನನ್ನು ಕೊಲ್ಲಬಲ್ಲಷ್ಟು ಸಮಾನತೆ, ಒಂದೇ ವಸ್ತುವಿಗೆ ಇಬ್ಬರ ಆಸೆ, ಪರಸ್ಪರ ಅಪನಂಬಿಕೆ. ಇದರಿಂದ ಬಂದದ್ದು ಬಹುತೇಕ ಕಡಿವಾಣವಿಲ್ಲದ ಒಡೆಯ. ಅವನ ನಂತರದ ಇಂಗ್ಲಿಷ್ ತತ್ವಜ್ಞಾನಿ ಲಾಕ್ ಚಿತ್ರಿಸಿದ ಜನರು ನ್ಯಾಯ ತಿಳಿದವರೇ. ಅವರಿಗಿದ್ದ ಕೊರತೆ ಬೇರೆ: ಎಲ್ಲರಿಗೂ ಗೊತ್ತಿರುವ ಕಾನೂನಿಲ್ಲ, ಪಕ್ಷಪಾತವಿಲ್ಲದ ನ್ಯಾಯಾಧೀಶನಿಲ್ಲ, ತೀರ್ಪನ್ನು ಜಾರಿ ಮಾಡುವ ಬಲವಿಲ್ಲ. ಈ ಮೂರನ್ನು ತುಂಬಲು ಬೇಕಾದಷ್ಟು ಅಧಿಕಾರ ಮಾತ್ರ ಅವನ ಸರ್ಕಾರಕ್ಕೆ. ಹೊಸಬರು ಲಾಕ್‌ನಿಂದಲೇ ಶುರುಮಾಡಬೇಕು. ಹಾಬ್ಸ್‌ನಿಂದ ಶುರುಮಾಡಿದವರು ಭಯದ ವರ್ಣನೆಯಲ್ಲೇ ಅರ್ಧ ಸಮಯ ಕಳೆಯುತ್ತಾರೆ. ಗೈಡುಗಳಲ್ಲಿ ಬರುವ ‘ಹಾಬ್ಸ್–ಲಾಕ್–ರೂಸೋ ಹೋಲಿಕೆ’ ಎಂಬ ಕೋಷ್ಟಕವನ್ನು ಬಾಯಿಪಾಠ ಮಾಡಬೇಡಿ. ಯಾರು ಏನೆಂದರು ಎಂಬುದು ಅದರಲ್ಲಿರುತ್ತದೆ. ಯಾವುದನ್ನು ಹಾಕಿದ್ದರಿಂದ ಯಾವುದು ಬಂತು ಎಂಬುದು ಇರುವುದಿಲ್ಲ.

ನಮ್ಮಲ್ಲೂ ಈ ವಾದ ಹಳೆಯದು. ದೊಡ್ಡ ಮೀನು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಬೇಸತ್ತ ಜನ ಮನುವನ್ನು ರಾಜನನ್ನಾಗಿ ಮಾಡಿಕೊಂಡು ಧಾನ್ಯದಲ್ಲಿ ಆರನೆಯ ಒಂದು ಭಾಗ, ಸರಕಿನಲ್ಲಿ ಹತ್ತನೆಯ ಒಂದು ಭಾಗ ಕೊಡಲು ಒಪ್ಪಿದರೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಆದರೆ ಅಲ್ಲಿ ಈ ಕಥೆ ಹೇಳುವವರು ರಾಜನ ಗೂಢಚಾರರು. ಜನ ಸೇರಿದಲ್ಲಿ ಬೇಕೆಂದೇ ವಾಗ್ವಾದ ಎಬ್ಬಿಸಿ, ರಾಜನನ್ನು ಟೀಕಿಸುವವರ ಬಾಯಿ ಮುಚ್ಚಿಸಲು ಹೇಳುತ್ತಾರೆ. ಇದನ್ನು ಉದ್ಧರಿಸುವವರು ಆ ಸಂದರ್ಭವನ್ನೂ ಹೇಳಬೇಕು.

ಈಗ ಗೋವಾ. 1961ರ ಡಿಸೆಂಬರಿನ ಗೋವನ್ನರ ಮುಂದಿದ್ದ ಪರ್ಯಾಯ ಅರಾಜಕತೆಯಾಗಿರಲಿಲ್ಲ. ಅಲ್ಲಿ 1510ರಿಂದ ಪೋರ್ಚುಗೀಸ್ ಆಳ್ವಿಕೆಯಿತ್ತು. ಕೊನೆಯ ದಶಕಗಳಲ್ಲಿ ಅದು ಸಲಾಜಾರ್‌ನ ಸರ್ವಾಧಿಕಾರ. ಸಭೆ ಸೇರುವ, ಬರೆಯುವ ಸ್ವಾತಂತ್ರ್ಯ ಇರಲಿಲ್ಲ. 1946ರ ಜೂನ್ 18ರಂದು ಲೋಹಿಯಾ ಮಡಗಾಂವಿನಲ್ಲಿ ಮಾತಾಡಲು ನಿಂತದ್ದು ಈ ನಿರ್ಬಂಧ ಮುರಿಯಲೆಂದೇ. ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಸರ್ವಾಧಿಕಾರದ ಕೆಳಗಿನ ಬದುಕನ್ನು ಮತದಾನದ ಹಕ್ಕಿರುವ ಬದುಕಿನೊಡನೆ. ಮತ್ಸ್ಯನ್ಯಾಯವನ್ನು ಎಳೆದು ತರಬೇಡಿ.

3. ಒಪ್ಪುವವರು ಯಾರೆಂದು ಗೊತ್ತುಮಾಡಿ

ತನ್ನ ಜಾತಿ, ಆಸ್ತಿ, ಧರ್ಮ ಯಾವುದೆಂದು ತಿಳಿಯದವನನ್ನು ಒಪ್ಪಂದಕ್ಕೆ ಕೂರಿಸುವುದು 1971ರಲ್ಲಿ ಅಮೆರಿಕದ ತತ್ವಜ್ಞಾನಿ ರಾಲ್ಸ್ ಹಾಕಿಕೊಟ್ಟ ಕ್ರಮ. ಅದನ್ನೇ ಬಳಸಿ. ಭೂಮಾಲೀಕನೋ ಗೇಣಿದಾರನೋ, ಹಿಂದೂವೋ ಕ್ರೈಸ್ತನೋ ಎಂದು ಗೊತ್ತಿಲ್ಲದ ಗೋವನ್ನನು ಮತದಾನ ಇರುವ ಕಡೆಗೇ ಒಲಿಯುತ್ತಾನೆ ಎನ್ನಲು ಗಟ್ಟಿ ಕಾರಣಗಳಿವೆ. ಇಷ್ಟು ಸಾಕು, ಮುಂದೆ ಹೋಗಿ.

4. ‘ಒಪ್ಪುತ್ತಿದ್ದ’ನಿಂದ ‘ಬದ್ಧ’ನವರೆಗೆ

ಇಲ್ಲಿ ನಿಧಾನಿಸಿ. ಒಪ್ಪಿಗೆ ಎರಡು ಕೆಲಸ ಮಾಡುತ್ತದೆ. ಒಬ್ಬರು ನಿಜವಾಗಿ ಒಪ್ಪಿದಾಗ ತಮ್ಮ ಇಚ್ಛೆಯಿಂದ ಹೊಸದೊಂದು ಹೊಣೆಯನ್ನು ಹೊತ್ತುಕೊಳ್ಳುತ್ತಾರೆ. ಆ ಗಳಿಗೆಗೆ ಮುಂಚೆ ಆ ಹೊಣೆ ಇರಲಿಲ್ಲ. ಒಪ್ಪುತ್ತಿದ್ದರು ಎಂದು ಊಹಿಸಿದಾಗ ಹಾಗೆ ಏನೂ ಹುಟ್ಟುವುದಿಲ್ಲ. ಅವರಿಗೆ ಒಪ್ಪಲು ಕಾರಣಗಳಿದ್ದವು ಎಂಬುದಷ್ಟೇ ಗೊತ್ತಾಗುತ್ತದೆ. 1973ರಲ್ಲಿ ಅಮೆರಿಕದ ಕಾನೂನು ಚಿಂತಕ ಡ್ವೋರ್ಕಿನ್ ಇದನ್ನು ಖಚಿತವಾಗಿ ಹೇಳಿದ: ಊಹೆಯ ಒಪ್ಪಂದವನ್ನು ನಿಜ ಒಪ್ಪಂದದ ಮಸುಕು ರೂಪ ಎನ್ನುವಂತಿಲ್ಲ, ಅದು ಒಪ್ಪಂದವೇ ಅಲ್ಲ.

ಹಾಗಾದರೆ ಊಹೆಯ ಒಪ್ಪಿಗೆ ಎಲ್ಲೂ ನಡೆಯುವುದಿಲ್ಲವೇ? ನಡೆಯುತ್ತದೆ. ಪುಣೆ–ಮುಂಬಯಿ ಎಕ್ಸ್‌ಪ್ರೆಸ್‌ವೇಯಲ್ಲಿ ಅಪಘಾತವಾಗಿ ಪ್ರಜ್ಞೆ ತಪ್ಪಿದವನಿಗೆ ಡಾಕ್ಟರು ಆಪರೇಷನ್ ಮಾಡುತ್ತಾರೆ. ಎಚ್ಚರವಿದ್ದರೆ ಒಪ್ಪುತ್ತಿದ್ದ ಎಂಬುದೇ ಅವರ ಸಮರ್ಥನೆ, ಅದನ್ನು ನಾವೆಲ್ಲ ಒಪ್ಪುತ್ತೇವೆ. ಆದರೆ ಆ ಸಮರ್ಥನೆ ಮೂರು ಷರತ್ತುಗಳ ಮೇಲೆ ನಿಂತಿದೆ: ಅವನನ್ನು ಕೇಳಲು ಸಾಧ್ಯವಿಲ್ಲ, ಕಾಯಲು ಸಮಯವಿಲ್ಲ, ಬೇಡವೆಂದು ಅವನು ಮೊದಲೇ ಹೇಳಿದ್ದು ತಿಳಿದಿಲ್ಲ. ಪ್ರಜ್ಞೆ ಬಂದೊಡನೆ ಮೊದಲ ಷರತ್ತು ಬಿದ್ದುಹೋಗುತ್ತದೆ. ಎರಡನೆಯ ಆಪರೇಷನ್‌ಗೆ ಕೇಳಲೇಬೇಕು.

ಈ ಮೂರು ಷರತ್ತುಗಳನ್ನು ಗೋವಾದ ದಿನಾಂಕಗಳ ಪಕ್ಕ ಇಟ್ಟು ನೋಡಿ. ಡಿಸೆಂಬರ್ 18–19ರ ಸೇನಾ ಕಾರ್ಯಾಚರಣೆಗೆ ಮುಂಚೆ ಸಲಾಜಾರ್‌ನ ಆಡಳಿತದಲ್ಲಿ ಜನರನ್ನು ಮುಕ್ತವಾಗಿ ಕೇಳುವ ದಾರಿಯೇ ಇರಲಿಲ್ಲ. ಅಷ್ಟರಮಟ್ಟಿಗೆ ಊಹೆಯ ಒಪ್ಪಿಗೆಗೆ ಅಲ್ಲಿ ಎಡೆಯಿದೆ. ಡಿಸೆಂಬರ್ 20ರಿಂದ ಕೇಳುವುದು ಸಾಧ್ಯವಾಯಿತು. ಆಮೇಲೂ ‘ಹೇಗೂ ಒಪ್ಪುತ್ತಿದ್ದರು’ ಎನ್ನುವುದು ಎಚ್ಚರವಾಗಿರುವ ರೋಗಿಯನ್ನು ಕೇಳದೆ ಮುಂದುವರಿದಂತೆ. ಅಲ್ಲಿಂದಾಚೆ ಹುಡುಕಬೇಕಾದದ್ದು ನಿಜವಾಗಿ ಏನನ್ನು ಕೇಳಲಾಯಿತು ಎಂಬುದನ್ನು.

ಕೇಳಿದ್ದು ಎರಡು ಕಡೆ ಸಿಗುತ್ತದೆ. 1967ರ ಜನವರಿ 16ರ ಜನಮತ ಸಂಗ್ರಹವನ್ನು ಎಲ್ಲರೂ ನೆನೆಯುತ್ತಾರೆ. ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಲು 1,72,191 ಮತ, ಮಹಾರಾಷ್ಟ್ರದೊಡನೆ ವಿಲೀನವಾಗಲು 1,38,170. ಇದನ್ನು ‘ಗೋವನ್ನರು ಭಾರತಕ್ಕೆ ಒಪ್ಪಿದ ದಾಖಲೆ’ ಎಂದು ವೇದಿಕೆಯಲ್ಲಿ ಹೇಳುವುದುಂಟು. ಹೇಳಬೇಡಿ. ಎರಡು ಆಯ್ಕೆಗಳೂ ಭಾರತದೊಳಗಿನವೇ. ಭಾರತ ಬೇಕೇ ಎಂದು ಆ ಮತಪತ್ರ ಕೇಳಿರಲಿಲ್ಲ. ಜನ ಉತ್ಸಾಹದಿಂದ ಮತ ಹಾಕಿದ್ದು ಆ ವ್ಯವಸ್ಥೆಯಲ್ಲಿ ಪಾಲುಗೊಂಡ ಗುರುತು ನಿಜ. ಆದರೆ ಕೇಳದ ಪ್ರಶ್ನೆಗೆ ಅದನ್ನು ಉತ್ತರವೆನ್ನಲಾಗದು.

ಪ್ರಶ್ನೆಗೆ ಹೆಚ್ಚು ಹತ್ತಿರದ್ದು 1962ರ ಮಾರ್ಚ್ 28ರ ಪೌರತ್ವ ಆದೇಶ. ಗೋವಾ, ದಮನ್, ದಿಯುಗಳಲ್ಲಿ 1961ರ ಡಿಸೆಂಬರ್ 20ಕ್ಕೆ ಮುಂಚೆ ತಾವಾಗಲಿ, ತಂದೆತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಹುಟ್ಟಿದ್ದರೆ ಆ ದಿನದಿಂದ ಭಾರತದ ಪೌರರು. ಬೇಡವಾದವರು ಒಂದು ತಿಂಗಳೊಳಗೆ ಬರೆದುಕೊಟ್ಟು ಹಳೆಯ ಪೌರತ್ವವನ್ನೇ ಉಳಿಸಿಕೊಳ್ಳಬಹುದು. ಸುಮ್ಮನಿದ್ದರೆ ಒಪ್ಪಿಗೆ, ಬೇಡವೆಂದರೆ ಬರವಣಿಗೆ. ಮೌನ ಸಮ್ಮತಿ ನಿಲ್ಲಬೇಕಾದರೆ ಆಯ್ಕೆಯಿದೆಯೆಂದು ಗೊತ್ತಿರಬೇಕು, ಹೇಳಲು ಸಾಕಷ್ಟು ಸಮಯವಿರಬೇಕು, ಬೇಡವೆಂದವರು ತೆರಬೇಕಾದ ಬೆಲೆ ಹೊರಲಾರದಷ್ಟಿರಬಾರದು. ಒಂದು ತಿಂಗಳು ಚಿಕ್ಕ ಅವಧಿ. ಬೆಲೆಯೋ, ಹುಟ್ಟಿದ ಊರಿನಲ್ಲೇ ವಿದೇಶಿಯಾಗಿ ಪರವಾನಗಿಯ ಮೇಲೆ ಇರುವುದು.

ಆ ಬೆಲೆ ಎಷ್ಟೆಂದು ಒಬ್ಬ ಪಾದ್ರಿಯ ಮೊಕದ್ದಮೆ ತೋರಿಸಿತು. ಅವರು ಪೋರ್ಚುಗೀಸ್ ಪೌರತ್ವ ಉಳಿಸಿಕೊಳ್ಳುವುದಾಗಿ ಬರೆದುಕೊಟ್ಟರು. ವಾಸದ ಪರವಾನಗಿ ಮುಗಿದಮೇಲೆ ನವೀಕರಿಸಲಿಲ್ಲ. ಹೊರಡಿ ಎಂಬ ಆದೇಶ ಬಂದರೂ ಹೊರಡಲಿಲ್ಲ. ಶಿಕ್ಷೆಯಾಯಿತು, 1969ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾನೂನಿನ ಮಟ್ಟಿಗೆ ಪ್ರಶ್ನೆ ಮುಗಿಯಿತು. ನಮ್ಮ ವಾದದ ಮಟ್ಟಿಗೆ ಅವರ ವಿಷಯದಲ್ಲಿ ಮೂರನೆಯ ಷರತ್ತೇ ಮುರಿದಿದೆ. ಬಾಯಿಬಿಟ್ಟು ಬೇಡವೆಂದವರ ಹೆಸರಿನಲ್ಲಿ ‘ಒಪ್ಪುತ್ತಿದ್ದರು’ ಎನ್ನಲು ಯಾರಿಗೂ ಹಕ್ಕಿಲ್ಲ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಎಚ್ಚರಿಕೆ. ‘ರಸ್ತೆ ಬಳಸುತ್ತೀರಿ, ಇಲ್ಲೇ ಇದ್ದೀರಿ, ಅದೇ ಒಪ್ಪಿಗೆ’ ಎಂಬ ಮಾತು ಲಾಕ್‌ನದೇ. ಹೆದ್ದಾರಿಯಲ್ಲಿ ಓಡಾಡಿದರೂ ಮೌನ ಸಮ್ಮತಿ ಎಂದವನು ಅವನು. 1748ರಲ್ಲಿ ಸ್ಕಾಟಿಷ್ ತತ್ವಜ್ಞಾನಿ ಹ್ಯೂಮ್ ಉತ್ತರ ಕೊಟ್ಟ: ನಿದ್ದೆಯಲ್ಲಿದ್ದವನನ್ನು ಹಡಗಿಗೆ ಹೊತ್ತುಹಾಕಿ, ಸಮುದ್ರಕ್ಕೆ ಹಾರಿ ಸಾಯಲಿಲ್ಲವಾದ್ದರಿಂದ ಕಪ್ತಾನನಿಗೆ ಒಪ್ಪಿದ್ದಾನೆ ಎನ್ನಬಹುದೇ? ಪರಭಾಷೆ ಬಾರದ, ದಿನಗೂಲಿಯಲ್ಲಿ ಬದುಕುವ ಬಡವನಿಗೆ ದೇಶ ಬಿಡುವ ಆಯ್ಕೆ ಎಲ್ಲಿದೆ? ಆ ಪಾದ್ರಿಗೆ ರಸ್ತೆಯ ವಾದ ಹೇಳುವವರು ಈ ಉತ್ತರಕ್ಕೆ ಮೊದಲು ಸಿದ್ಧರಾಗಬೇಕು.

5. ಊಹೆಯ ಒಪ್ಪಿಗೆಯನ್ನು ಜರಡಿಯಾಗಿ ಬಳಸಿ

ಉಪಕರಣವನ್ನು ಎಸೆಯಬೇಕಿಲ್ಲ, ಬೇರೆ ಕೆಲಸಕ್ಕೆ ಹಚ್ಚಬೇಕು. 1793ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ತೋರಿಸಿದ ದಾರಿ ನನಗೆ ಎಲ್ಲಕ್ಕಿಂತ ಸರಿಯೆನಿಸುತ್ತದೆ. ಜನ ಒಪ್ಪಿದ್ದರೇ ಎಂದು ಅವನು ಕೇಳುವುದಿಲ್ಲ. ಇಡೀ ಜನತೆ ಒಪ್ಪಲು ಸಾಧ್ಯವೇ ಇಲ್ಲದ ಕಾನೂನೇ ಇದು, ಎಂದು ಕೇಳುತ್ತಾನೆ. ಒಂದು ವರ್ಗಕ್ಕೆ ಹುಟ್ಟಿನಿಂದಲೇ ಒಡೆತನ ಕೊಡುವ ಕಾನೂನು ಇಲ್ಲಿ ಸೋಲುತ್ತದೆ. ಯುದ್ಧದ ತೆರಿಗೆ ಎಲ್ಲರ ಮೇಲೂ ಸಮನಾಗಿದ್ದರೆ ದಾಟುತ್ತದೆ, ಕೆಲವರ ಮೇಲೆ ಮಾತ್ರ ಬಿದ್ದು ಅವರಂಥವರೇ ತಪ್ಪಿಸಿಕೊಂಡರೆ ಸೋಲುತ್ತದೆ. ಈ ಜರಡಿ ಕೆಟ್ಟದ್ದನ್ನು ತಡೆಯುತ್ತದೆ, ಯಾರನ್ನೂ ಬದ್ಧರನ್ನಾಗಿ ಮಾಡುವುದಿಲ್ಲ. ರಾಲ್ಸ್ ಕೂಡ ಸಾಮಾನ್ಯ ಪ್ರಜೆಯ ಕರ್ತವ್ಯವನ್ನು ಒಪ್ಪಿಗೆಯ ಮೇಲೆ ನಿಲ್ಲಿಸಲಿಲ್ಲ. ನ್ಯಾಯಯುತ ಸಂಸ್ಥೆಗಳನ್ನು ಬೆಂಬಲಿಸುವ ಸಹಜ ಕರ್ತವ್ಯದ ಮೇಲೆ ನಿಲ್ಲಿಸಿದ. ಅವನ ಹೆಸರು ಹೇಳಿ ‘ನಾವೆಲ್ಲ ಒಪ್ಪಿದ್ದೇವೆ’ ಎನ್ನುವವರು ಇದನ್ನು ಗಮನಿಸುವುದಿಲ್ಲ.

1962ರ ಆದೇಶವನ್ನು ಜರಡಿಗೆ ಹಾಕಿ. ಪೌರತ್ವ ಎಲ್ಲರಿಗೂ ಒಂದೇ ತೆರನಾಗಿ ಸಿಕ್ಕಿತು, ಜಾತಿ–ಧರ್ಮ ನೋಡಲಿಲ್ಲ. ಅಷ್ಟು ಭಾಗ ದಾಟುತ್ತದೆ. ಬೇಡವೆಂದವರ ಮನೆಮಠದ ಗತಿ ಏನೆಂಬ ಭಾಗ ಅಷ್ಟು ಸುಲಭವಾಗಿ ದಾಟುವುದಿಲ್ಲ. ತಾನು ಯಾವ ಗುಂಪಿನಲ್ಲಿ ಬೀಳುತ್ತೇನೆಂದು ಗೊತ್ತಿಲ್ಲದವನು ಇನ್ನೂ ಹೆಚ್ಚು ಕಾಲಾವಕಾಶವನ್ನು, ಶಾಶ್ವತ ವಾಸದ ಹಕ್ಕನ್ನು ಕೇಳುತ್ತಿದ್ದ.

6. ತೀರ್ಮಾನವನ್ನು ಅದರ ಬಲಕ್ಕೆ ತಕ್ಕಂತೆ ಬರೆಯಿರಿ

ಗೋವಾದ ಮಟ್ಟಿಗೆ ಮೂರು ಬೇರೆಬೇರೆ ವಾಕ್ಯಗಳು ಬರುತ್ತವೆ. ಸರ್ವಾಧಿಕಾರಕ್ಕಿಂತ ಮತದಾನದ ವ್ಯವಸ್ಥೆಯನ್ನು ಬಯಸಲು ಗೋವನ್ನರಿಗೆ ಬಲವಾದ ಕಾರಣಗಳಿದ್ದವು. ಒಂದು ತಿಂಗಳ ಅವಧಿಯಲ್ಲಿ ಸುಮ್ಮನಿದ್ದು, ಆಮೇಲೆ ಚುನಾವಣೆಗಳಲ್ಲಿ ಮತ ಹಾಕಿದವರ ವಿಷಯದಲ್ಲಿ ಅಪೂರ್ಣವಾದರೂ ನಿಜವಾದ ಒಪ್ಪಿಗೆಯ ಅಂಶವಿದೆ. ಬೇಡವೆಂದು ಬರೆದುಕೊಟ್ಟವರ ಮೇಲಿನ ಅಧಿಕಾರಕ್ಕೆ ಒಪ್ಪಿಗೆಯ ವಾದ ಯಾವ ರೂಪದಲ್ಲೂ ನೆರವಾಗುವುದಿಲ್ಲ. ಅಲ್ಲಿ ನ್ಯಾಯಯುತ ಸಂಸ್ಥೆಗಳ ಕರ್ತವ್ಯವನ್ನೋ ಒಂದು ಪ್ರದೇಶದಲ್ಲಿ ಒಂದೇ ಕಾನೂನು ಇರಬೇಕಾದ ಅಗತ್ಯವನ್ನೋ ಬೇರೆಯಾಗಿ ವಾದಿಸಿ ತೋರಿಸಬೇಕು. ತೀರ್ಪುಗಾರರು ‘ಹಾಗಾದರೆ ಅವರು ಒಪ್ಪಿದ್ದರೋ ಇಲ್ಲವೋ’ ಎಂದು ಒತ್ತಿ ಕೇಳಿದರೆ, ‘ಯಾರನ್ನು ಕುರಿತು ಕೇಳುತ್ತಿದ್ದೀರಿ’ ಎಂದು ಮೊದಲು ಕೇಳಿಕೊಂಡು, ಈ ಮೂರರಲ್ಲಿ ಅವರಿಗೆ ಹೊಂದುವ ವಾಕ್ಯವನ್ನು ಮಾತ್ರ ಹೇಳಿ.