‘ಇನ್ನೆರಡು ಪುಟ ಸೇರಿಸಿಬಿಡಿ’ ಅಂದಾಗ ಏನು ಬರೆಯಬೇಕು?

ಸ್ಮರಣ ಸಂಚಿಕೆಗಳ ಪುಟ ವಿನ್ಯಾಸ ಮಾಡುವವರಿಗೆಲ್ಲ ಈ ಮಾತು ಗೊತ್ತು. ಕೆಲಸ ಅರ್ಧ ಮುಗಿದಿರುತ್ತದೆ. ಸಮಿತಿಯ ಕಾರ್ಯದರ್ಶಿಗಳ ವಾಟ್ಸಾಪ್ ಬರುತ್ತದೆ: ‘ಇನ್ನೂ ಇಬ್ಬರ ಶುಭಾಶಯ ಬಂದಿದೆ, ಎರಡು ಪುಟ ಸೇರಿಸಿಬಿಡಿ.’ ಸೇರಿಸುತ್ತೇವೆ. ವಾರ ಕಳೆದರೆ ದಾನಿಗಳ ಫೋಟೊ ಬರುತ್ತದೆ. ಆಮೇಲೆ ಹಳೆ ವಿದ್ಯಾರ್ಥಿಗಳ ಕವನ. ಕೇಳುವವರದ್ದು ದುರಾಸೆಯಲ್ಲ. ಊರಿನ ಶಾಲೆ, ಯಾರನ್ನೂ ಬಿಡುವ ಹಾಗಿಲ್ಲ. ಒಂದು ಪುಟ ಸೇರಿಸಿದರೆ ಏನೇನು ಅಲುಗಾಡುತ್ತದೆ ಅನ್ನೋದು ಅವರಿಗೆ ಕಾಣುವುದಿಲ್ಲ, ಅಷ್ಟೇ. ಅದನ್ನು ಕಾಣಿಸುವಂತೆ ಬರೆದರೆ ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಾನೇ ಮಾಡಿದ ಒಂದು ಕೆಲಸವನ್ನು ಇಟ್ಟುಕೊಂಡು ಹೇಳುತ್ತೇನೆ. ಒಂದು ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ. ಎ4 ಅಳತೆ, 80 ಪುಟ. ಪುಟಕ್ಕೆ 250 ರೂಪಾಯಿಯಂತೆ 20,000, ಮುಖಪುಟಕ್ಕೆ 3,000, ಒಟ್ಟು 23,000. ಮ್ಯಾಟರ್ ಎಲ್ಲ ನವೆಂಬರ್ 10ಕ್ಕೆ ಕೈಸೇರಬೇಕು, ಡಿಸೆಂಬರ್ 1ಕ್ಕೆ ಪ್ರೆಸ್ಸಿಗೆ ಹೋಗಬೇಕು, 20ಕ್ಕೆ ಬಿಡುಗಡೆ ಅಂತ ಮಾತಾಗಿತ್ತು. ನವೆಂಬರ್ 20ರ ಹೊತ್ತಿಗೆ ಶುಭಾಶಯ 2 ಪುಟ, ದಾನಿಗಳು 5 ಪುಟ, ಕವನ 4 ಪುಟ ಜಾಸ್ತಿಯಾಗಿತ್ತು.

ಮೊದಲು ಎಣಿಸಿ

ಮೂರನೇ ಸಲ ಕೇಳಿದ ದಿನವೇ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ಮೊದಲು ಒಪ್ಪಿಕೊಂಡ ಸಂದೇಶವನ್ನು ಹುಡುಕಿ ತೆಗೆಯಿರಿ. ಆಮೇಲೆ ಯಾವ ದಿನ ಏನು ಬಂತು, ಎಷ್ಟು ಪುಟ ಆಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ತುಂಬಾ ಜಾಸ್ತಿ ಆಯ್ತು’ ಅನ್ನುವುದಕ್ಕೂ ‘11 ಪುಟ ಜಾಸ್ತಿ ಆಗಿದೆ’ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದು ದೂರು. ಎರಡನೆಯದರ ಮೇಲೆ ಮಾತುಕತೆ ಶುರು ಮಾಡಬಹುದು.

ಫಾರಂ ಲೆಕ್ಕ ಹಾಕಿ

ಹೊಸಬರು ಎಡವುವುದು ಇಲ್ಲೇ. 80 ಕೂಡಿಸು 11, 91 ಪುಟ ಅಂತ ಬರೆದು ಕಳಿಸುತ್ತಾರೆ. 91 ಪುಟದ ಪುಸ್ತಕ ಪ್ರೆಸ್ಸಿನಲ್ಲಿ ಇರುವುದೇ ಇಲ್ಲ. ನಮ್ಮ ಪ್ರೆಸ್‌ನವರು ಎ4 ಪುಟಗಳನ್ನು ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ನಾಲ್ಕು ನಾಲ್ಕರಂತೆ ಕೂರಿಸುತ್ತಾರೆ. ಅಂದರೆ ಒಂದು ಫಾರಂ 8 ಪುಟ. 80 ಪುಟಕ್ಕೆ ಸರಿಯಾಗಿ 10 ಫಾರಂ. ಅದು ಬಿಟ್ಟರೆ 88, ಇಲ್ಲವೇ 96. ನಿಮ್ಮ ಪ್ರೆಸ್ಸಿನಲ್ಲಿ ಫಾರಂ 16 ಪುಟದ್ದಿರಬಹುದು, ಬರೆಯುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಇನ್ನೂ ಎರಡು ಸಂಗತಿ ಇವೆ. ಪುಟ ಹೆಚ್ಚಿದರೆ ಪುಸ್ತಕದ ಬೆನ್ನು ದಪ್ಪವಾಗುತ್ತದೆ. 16 ಪುಟ ಅಂದರೆ 8 ಹಾಳೆ, ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಮುಖಪುಟದ ಫೈಲನ್ನು ಹಾಗೇ ಬಿಟ್ಟರೆ ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಸರಿದುಬಿಡುತ್ತದೆ. ಎರಡನೆಯದು ಬಲಪುಟ. ಮಧ್ಯದಲ್ಲಿ ಬೆಸ ಸಂಖ್ಯೆಯ ಪುಟ ತುರುಕಿದರೆ ಅಲ್ಲಿಂದ ಮುಂದೆ ಬಲಗಡೆ ಇದ್ದದ್ದೆಲ್ಲ ಎಡಕ್ಕೆ ಬರುತ್ತದೆ. ಬಲಪುಟ ಬೇಕೆಂದು ಜಾಸ್ತಿ ದುಡ್ಡು ಕೊಟ್ಟ ಜಾಹೀರಾತುದಾರರಿಗೆ ಉತ್ತರ ಕೊಡಬೇಕಾದವರು ಸಮಿತಿಯವರೇ ಅಲ್ವಾ? ಇದನ್ನು ಹೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಈಗ ಬರೆಯಿರಿ

ನಾನು ಕಳಿಸಿದ್ದು ಇದು:

‘ಸರ್, ನಮಸ್ಕಾರ. ದಾನಿಗಳ ಫೋಟೊ ಮತ್ತು ಕವನಗಳು ತಲುಪಿವೆ. 1978ರ ಬ್ಯಾಚ್‌ನವರು ಕಳಿಸಿದ ಹಳೆ ಕಟ್ಟಡದ ಫೋಟೊ ತುಂಬಾ ಚೆನ್ನಾಗಿದೆ.

ನಾವು ಒಪ್ಪಿಕೊಂಡಿದ್ದು 80 ಪುಟ, 23,000 ರೂಪಾಯಿ, ಡಿಸೆಂಬರ್ 1ಕ್ಕೆ ಪ್ರೆಸ್ಸಿಗೆ. ಆಮೇಲೆ ಬಂದದ್ದು 11 ಪುಟ: ಶುಭಾಶಯ 2, ದಾನಿಗಳು 5, ಕವನ 4. ಪ್ರೆಸ್ಸಿನಲ್ಲಿ 8 ಪುಟಕ್ಕೊಂದು ಫಾರಂ ಆದ್ದರಿಂದ ನಮಗೆ ಮೂರು ದಾರಿ ಇದೆ.

1. 80 ಪುಟವೇ ಇರಲಿ. ವರದಿಯ ಫೋಟೊಗಳನ್ನು ಚಿಕ್ಕದು ಮಾಡಿ ಶುಭಾಶಯಗಳನ್ನು ಒಳಗೇ ಹೊಂದಿಸುತ್ತೇನೆ. ದಾನಿಗಳ ಫೋಟೊ ಮತ್ತು ಕವನ ಬಿಡಬೇಕಾಗುತ್ತದೆ. ಹೆಚ್ಚಿನ ಹಣ ಇಲ್ಲ. ಡಿಸೆಂಬರ್ 1ಕ್ಕೆ ಪ್ರೆಸ್ಸಿಗೆ.

2. 88 ಪುಟ. ಶುಭಾಶಯ 2, ದಾನಿಗಳು 4, ಕವನ 2. ಹೆಚ್ಚುವರಿ 2,000, ಒಟ್ಟು 25,000. ಡಿಸೆಂಬರ್ 3ಕ್ಕೆ ಪ್ರೆಸ್ಸಿಗೆ.

3. 96 ಪುಟ. ಬಂದದ್ದೆಲ್ಲ ಸೇರುತ್ತದೆ, ಇನ್ನೂ 5 ಪುಟ ಜಾಹೀರಾತಿಗೆ ಸಿಗುತ್ತದೆ. ಹೆಚ್ಚುವರಿ 4,000, ಒಟ್ಟು 27,000. ಡಿಸೆಂಬರ್ 5ಕ್ಕೆ ಪ್ರೆಸ್ಸಿಗೆ.

ಶುಭಾಶಯದ 2 ಪುಟಕ್ಕೆ ನಾನು ದುಡ್ಡು ಹಾಕಿಲ್ಲ. ಉಳಿದವಕ್ಕೆ ಮೊದಲಿನ ದರವೇ, ಪುಟಕ್ಕೆ 250. ಬೆನ್ನಿನ ಅಳತೆ ಬದಲಾಗುವುದರಿಂದ ಮುಖಪುಟ ತಿದ್ದಲು 500. ಮುದ್ರಣದ ಖರ್ಚು ಬೇರೆ, ಅದನ್ನು ಪ್ರೆಸ್‌ನವರು ತಿಳಿಸುತ್ತಾರೆ. ಅವರಿಗೆ 12 ದಿನ ಬೇಕು. 5ಕ್ಕೆ ಕೊಟ್ಟರೆ 17ಕ್ಕೆ ಪುಸ್ತಕ ಸಿಗುತ್ತದೆ. ಅದಕ್ಕಿಂತ ತಡವಾದರೆ 20ರ ಬಿಡುಗಡೆಗೆ ಕಷ್ಟ.

ಯಾವುದು ಅಂತ 23ರ ಸಂಜೆಯೊಳಗೆ ತಿಳಿಸಿ ಸರ್. ಅಲ್ಲಿಯವರೆಗೆ ಮೊದಲ 40 ಪುಟಗಳ ತಿದ್ದುಪಡಿ ಮುಗಿಸುತ್ತಿರುತ್ತೇನೆ.’

ಇದರಲ್ಲಿ ‘ಆಗುವುದಿಲ್ಲ’ ಎಂಬ ಮಾತು ಎಲ್ಲೂ ಇಲ್ಲ. ಮೂರು ದಾರಿಗೂ ಪಕ್ಕದಲ್ಲೇ ಹಣ ಮತ್ತು ದಿನಾಂಕ ಇದೆ. ಕಾರ್ಯದರ್ಶಿಗಳು ಒಬ್ಬರೇ ತೀರ್ಮಾನ ಮಾಡುವುದಿಲ್ಲ, ಇದನ್ನು ಖಜಾಂಚಿಗೆ ಫಾರ್ವರ್ಡ್ ಮಾಡುತ್ತಾರೆ, ಸಭೆಯಲ್ಲಿ ಓದುತ್ತಾರೆ. ಹಿಂದಿನ ಚಾಟ್ ನೋಡದವರಿಗೂ ಪೂರ್ತಿ ತಿಳಿಯಬೇಕು. ‘ನಿನ್ನೆ ಹೇಳಿದ ಹಾಗೆ’ ಎಂದು ಬರೆದರೆ ಖಜಾಂಚಿಗೆ ಏನೂ ಗೊತ್ತಾಗುವುದಿಲ್ಲ.

ಬಿಟ್ಟುಕೊಟ್ಟ 2 ಪುಟದ ವಿಷಯ. ಮೊದಲ ಸಲ ಕೇಳಿದಾಗ ನಾನು ದುಡ್ಡಿನ ಮಾತೆತ್ತದೆ ಒಪ್ಪಿದ್ದೆ. ಹಾಗಾಗಿ ಈಗ ಅದಕ್ಕೆ ಬಿಲ್ ಹಾಕುವುದು ಸರಿಯಲ್ಲ. ಆದರೆ ಬಿಟ್ಟಿದ್ದೇನೆ ಎಂದು ಬರೆಯಲೇಬೇಕು. ಬರೆಯದಿದ್ದರೆ ಮುಂದಿನ ಎಲ್ಲ ಪುಟವೂ ಸುಮ್ನೆ ಸಿಗುತ್ತದೆ ಅಂತಲೇ ತಿಳಿಯುತ್ತಾರೆ.

ಎರಡು ಮಾತನ್ನು ಮಾತ್ರ ಬರೆಯಲೇಬೇಡಿ. ಒಂದು, ‘ನೀವೇ ನೋಡಿ ಏನಾದ್ರೂ ಕೊಡಿ ಸರ್.’ ಇದು ಸಂಕೋಚಕ್ಕೆ ಬರುವ ಮಾತು, ಆದರೆ ಕೇಳಿದವರಿಗೂ ಎಷ್ಟು ಕೊಡಬೇಕೋ ತಿಳಿಯದೆ ಇರುಸುಮುರುಸಾಗುತ್ತದೆ. ಇನ್ನೊಂದು, ‘ತಪ್ಪು ತಿಳೀಬೇಡಿ.’ ತಪ್ಪು ತಿಳಿಯುವಂಥದ್ದು ಇದರಲ್ಲಿ ಏನೂ ಇಲ್ಲ.

ಉತ್ತರ ಬಂದ ಮೇಲೆ

ಹಿರಿಯರಾದರೆ ಸಂದೇಶ ಕಳಿಸಿ ಹತ್ತು ನಿಮಿಷ ಬಿಟ್ಟು ಒಂದು ಫೋನ್ ಮಾಡಿ. ಬರೀ ಮೆಸೇಜಿನಲ್ಲಿ ದುಡ್ಡಿನ ವಿಷಯ ನೋಡಿದರೆ ಕೆಲವರಿಗೆ ಬೇಸರವಾಗುತ್ತದೆ. ‘ನೋಡೋಣ’ ಎಂದರೆ ಅದನ್ನು ಒಪ್ಪಿಗೆ ಎಂದುಕೊಂಡು ಹೊಸ ಪುಟ ಶುರು ಮಾಡಬೇಡಿ. 23 ದಾಟಿದರೆ ಒಂದೇ ಸಾಲು ಸಾಕು: ‘ಸರ್, ತೀರ್ಮಾನಕ್ಕೆ ಕಾಯುತ್ತಿದ್ದೇನೆ. ಒಂದು ದಿನ ತಡವಾದರೆ ಪ್ರೆಸ್ಸಿಗೆ ಹೋಗುವುದೂ ಒಂದು ದಿನ ಮುಂದೆ ಹೋಗುತ್ತದೆ.’

ನಮ್ಮ ಸಮಿತಿ 88 ಪುಟಕ್ಕೆ ಒಪ್ಪಿತು. ಒಪ್ಪಿದ್ದು ಫೋನಿನಲ್ಲಿ. ಫೋನ್ ಇಟ್ಟ ಕೂಡಲೇ ನಾನು ಇಷ್ಟು ಬರೆದು ಕಳಿಸಿದೆ: ‘ಸರ್, ಈಗ ಮಾತಾಡಿದ ಹಾಗೆ 88 ಪುಟ, ಒಟ್ಟು 25,000, ಡಿಸೆಂಬರ್ 3ಕ್ಕೆ ಪ್ರೆಸ್ಸಿಗೆ. ಯಾವ 2 ಪುಟದಷ್ಟು ಕವನ ಇರಬೇಕು ಅಂತ ನಾಳೆ ತಿಳಿಸಿ.’ ಅವರು ‘ಸರಿ’ ಎಂದು ಉತ್ತರಿಸಿದ ಮೇಲೆ 81ನೇ ಪುಟ ತೆರೆದೆ.